ಅಡ್ವಾನ್ಸ್ ಕೊಡುವ ಮುಂಚೆ: ಮೊದಲ ಸಲ ಮನೆ ಹಿಡಿಯುವವಳಿಗೆ ದೊಡ್ಡಮ್ಮನ ಕಿವಿಮಾತು

ಪಿ.ಜಿ. ಊಟ ಸಾಕಾಯಿತು, ಗೆಳತಿಯ ಜೊತೆ ಸೇರಿ ಬೆಂಗಳೂರಲ್ಲೇ ಒಂದು ಮನೆ ಹಿಡಿಯುತ್ತೀಯ ಅಂತ ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಒಳ್ಳೇದೇ ಆಯಿತು. ಪಾತ್ರೆ, ಪರದೆ, ಗ್ಯಾಸ್ ಸ್ಟವ್ ವಿಷಯ ಅವಳು ಹೇಳುತ್ತಾಳೆ. ನಾನು ಹೇಳುವುದು ದುಡ್ಡಿನ ವಿಷಯ, ಅದರಲ್ಲೂ ಅಡ್ವಾನ್ಸಿನ ವಿಷಯ.

ನಾನು ವಕೀಲೆಯಲ್ಲ, ಅದು ಮೊದಲೇ ಗೊತ್ತಿರಲಿ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಗುಮಾಸ್ತೆಯಾಗಿ ನಿವೃತ್ತಳಾದವಳು. ಅರ್ಧ ಆಯಸ್ಸು ಬಾಡಿಗೆ ಮನೆಗಳಲ್ಲಿ ಕಳೆದೆ, ಈಗ ಮಹಡಿ ಮನೆಯನ್ನು ನಾನೇ ಬಾಡಿಗೆಗೆ ಕೊಡುತ್ತೇನೆ. ಅದರಿಂದ ಎರಡೂ ಕಡೆಯ ಗುಟ್ಟು ಗೊತ್ತು. ಅದರಲ್ಲಿ ಒಂದನ್ನು ಈಗಲೇ ಹೇಳಿಬಿಡುತ್ತೇನೆ: ನೀನು ಕೊಡುವ ಅಡ್ವಾನ್ಸ್ ಓನರ್ ಬೀರುವಿನಲ್ಲಿ ಇರುವುದಿಲ್ಲ. ಅದು ಹಿಂದಿನ ಬಾಡಿಗೆದಾರನಿಗೆ ವಾಪಸ್ ಹೋಗಿರುತ್ತದೆ, ಇಲ್ಲವೇ ಮಗಳ ಮದುವೆಗೋ ಮೇಲಿನ ಮಹಡಿಯ ಸೆಂಟ್ರಿಂಗಿಗೋ ಖರ್ಚಾಗಿರುತ್ತದೆ. ನೀನು ಬಿಡುವಾಗ ನಿನಗೆ ಬರುವುದು ಮುಂದೆ ಬರುವವರ ದುಡ್ಡು. ಮನೆ ಬಿಡುವಾಗ ಆಗುವ ಜಗಳಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲಿಂದಲೇ. ಓನರ್ ಕೆಟ್ಟವನೇ ಆಗಬೇಕಾಗಿಲ್ಲ, ಕೈಯಲ್ಲಿ ದುಡ್ಡಿಲ್ಲದಿದ್ದರೆ ಸಾಕು, ಗೋಡೆಯ ಮೇಲಿನ ಮೊಳೆಯ ತೂತುಗಳೆಲ್ಲ ದೊಡ್ಡದಾಗಿ ಕಾಣುತ್ತವೆ.

ಒಂದು: ಟೋಕನ್

ಬ್ರೋಕರ್ ಮನೆ ತೋರಿಸಿ ಕೆಳಗಿಳಿಯುವಷ್ಟರಲ್ಲಿ ಹೇಳುವ ಮಾತು ಒಂದೇ: "ಸಂಜೆ ಇನ್ನೊಬ್ರು ಬರ್ತಿದಾರೆ ಮೇಡಂ, ಈಗ್ಲೇ ಟೋಕನ್ ಹಾಕ್ಬಿಡಿ." ಐದು ಸಾವಿರವೋ ಹತ್ತು ಸಾವಿರವೋ ಕೇಳುತ್ತಾರೆ. ಬ್ರೋಕರ್ ಸುಳ್ಳೇ ಹೇಳುತ್ತಿದ್ದಾನೆ ಅಂತಲ್ಲ. ಒಳ್ಳೆಯ ಮನೆ ನಿಜವಾಗಿಯೂ ಸಂಜೆಗೆ ಹೋಗಿಬಿಡುತ್ತದೆ. ಕೊಡುವುದಾದರೆ ಕೊಡು, ಆದರೆ ಮನೆ ಕಣ್ಣಾರೆ ನೋಡಿದ ಮೇಲೆ ಕೊಡು. ಆನ್‌ಲೈನ್ ಫೋಟೋ ನೋಡಿ, "ನಾನು ಬೇರೆ ಊರಲ್ಲಿದೀನಿ, ಗೇಟ್ ಪಾಸಿಗೆ ಸ್ವಲ್ಪ ಹಣ ಹಾಕಿ" ಅನ್ನುವವರಿಗೆ ಒಂದು ರೂಪಾಯಿಯನ್ನೂ ಹಾಕಬೇಡ.

ಟೋಕನ್ ಕೊಡುವ ಮುಂಚೆ ಮನೆ ಯಾರದ್ದು ಅಂತ ತಿಳಿದುಕೋ. ಅದಕ್ಕೆ ಪತ್ತೇದಾರಿಕೆ ಬೇಡ. ಕರೆಂಟ್ ಬಿಲ್ಲನ್ನೂ ಈ ವರ್ಷದ ಮನೆ ಕಂದಾಯದ ರಸೀದಿಯನ್ನೂ ತೋರಿಸಿ ಅಂತ ಕೇಳು. ಎರಡರಲ್ಲೂ ಇರುವ ಹೆಸರು, ನಿನ್ನ ಎದುರು ಕೂತವರ ಹೆಸರು, ನೀನು ದುಡ್ಡು ಹಾಕುವ ಖಾತೆಯ ಹೆಸರು, ಮೂರೂ ಒಂದೇ ಆಗಿದ್ದರೆ ಸರಿ. ತೀರಿಕೊಂಡ ಮಾವನವರ ಹೆಸರಲ್ಲೇ ಇನ್ನೂ ಬಿಲ್ ಬರುತ್ತಿರಬಹುದು, ಅದು ನಮ್ಮಲ್ಲಿ ಸಾಮಾನ್ಯ. ಹೆಸರು ಬೇರೆ ಇದ್ದರೆ ಕಾರಣ ಕೇಳು. ಬಾಡಿಗೆ ಕೊಡುತ್ತಿರುವವರು ಅಳಿಯನೋ ಕೇರ್‌ಟೇಕರೋ ಆಗಿದ್ದರೆ, ಓನರ್ ಅವರಿಗೆ ಅಧಿಕಾರ ಕೊಟ್ಟ ಪತ್ರ ನೋಡು, ಓನರ್ ಜೊತೆ ಒಮ್ಮೆ ಫೋನಿನಲ್ಲಾದರೂ ಮಾತಾಡು. ಕೇಳಿದರೆ ಅವರಿಗೆ ಬೇಜಾರಾಗುತ್ತದೆ ಅನ್ನಿಸಬಹುದು. ಅವರು ನಿನ್ನ ಆಧಾರ್, ಆಫೀಸ್ ಐಡಿ, ಸಂಬಳ, ಜಾತಿ, ಮೊಟ್ಟೆ ತಿನ್ನುತ್ತೀಯೋ ಇಲ್ಲವೋ ಎಲ್ಲ ಕೇಳಿರುತ್ತಾರೆ. ನೀನು ಒಂದು ಬಿಲ್ ಕೇಳಿದರೆ ತಪ್ಪಿಲ್ಲ.

ದುಡ್ಡು ಹಾಕುವ ಮುಂಚೆ ವಾಟ್ಸಾಪಿನಲ್ಲಿ ಒಂದು ಮೆಸೇಜ್ ಕಳಿಸು: "ಸರ್, ಎರಡನೇ ಮಹಡಿ ಮನೆಗೆ ಟೋಕನ್ ಐದು ಸಾವಿರ ಹಾಕುತ್ತಿದ್ದೇನೆ. ಇದನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳಿ. ಅಗ್ರಿಮೆಂಟ್ ಆಗದೇ ಹೋದರೆ ವಾಪಸ್ ಕೊಡುತ್ತೀರಿ ಅಂತ ಮಾತಾಗಿದೆ." ಅವರು "ಓಕೆ" ಅಂದರೆ ಮುಗಿಯಿತು. "ಟೋಕನ್ ವಾಪಸ್ ಇಲ್ಲ" ಅಂದರೆ, ಆ ಮಾತು ಕೊಡುವ ಮುಂಚೆಯೇ ಗೊತ್ತಾದದ್ದು ಒಳ್ಳೆಯದಾಯಿತು.

ಎರಡು: ಎಷ್ಟು ಅಡ್ವಾನ್ಸ್?

ನಮ್ಮ ಕಾಲದಿಂದ ಬೆಂಗಳೂರಿನ ರೂಢಿ ಹತ್ತು ತಿಂಗಳ ಬಾಡಿಗೆ. ಈಗ ಐದಾರು ತಿಂಗಳಿಗೆ ಒಪ್ಪುವವರೂ ಇದ್ದಾರೆ. "ಎರಡು ತಿಂಗಳಿಗಿಂತ ಹೆಚ್ಚು ತಗೋಬಾರದು ಅಂತ ಕಾನೂನು ಇದೆಯಂತಲ್ಲ ದೊಡ್ಡಮ್ಮ?" ಅಂತ ನೀನು ಕೇಳೇ ಕೇಳುತ್ತೀಯ. ಅದು 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯ ಮಾತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯಷ್ಟೇ ಠೇವಣಿ ಅಂತ ಅದರಲ್ಲಿದೆ, ನಿಜ. ಆದರೆ ಅದು ಮಾದರಿ ಮಾತ್ರ. ರಾಜ್ಯ ಸರ್ಕಾರ ಅದನ್ನು ಅನುಸರಿಸಿ ತನ್ನ ಕಾನೂನು ಮಾಡಿಕೊಂಡರೆ ಮಾತ್ರ ಆ ರಾಜ್ಯದಲ್ಲಿ ನಡೆಯುತ್ತದೆ. ಮೊಬೈಲಿನಲ್ಲಿ ಆ ಸುದ್ದಿ ತೆಗೆದು ಓನರ್ ಮುಖಕ್ಕೆ ಹಿಡಿದರೆ ಅವರು ಬೇರೆ ಮನೆ ನೋಡಿಕೋ ಅನ್ನುತ್ತಾರೆ, ಅಷ್ಟೇ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬಾಡಿಗೆದಾರರನ್ನೆಲ್ಲ ಕಾಯುತ್ತದೆ ಅಂತ. ಅದು ದೊಡ್ಡ ಊರುಗಳಲ್ಲೂ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ಹೊರಗಿಟ್ಟಿದೆ. ಆ ಬಾಡಿಗೆಗೆ ಈಗ ಬೆಂಗಳೂರಿನಲ್ಲಿ ಕಾರು ನಿಲ್ಲಿಸುವ ಜಾಗ ಸಿಗಬಹುದೇನೋ. ಹಾಗಾಗಿ ನಿನ್ನಂಥವರ ಮನೆಗೆ ಸಾಮಾನ್ಯವಾಗಿ ಅನ್ವಯಿಸುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ, ಮತ್ತು ನೀವಿಬ್ಬರೂ ಸಹಿ ಹಾಕಿದ ಅಗ್ರಿಮೆಂಟ್. ಆ ಹಳೇ ಕಾಯ್ದೆ ಹೆಚ್ಚಿನ ಕಡೆ ಹೇಳುವುದು "ಬೇರೆ ಕರಾರು ಇಲ್ಲದಿದ್ದರೆ ಹೀಗೆ" ಅಂತ. ಅಂದರೆ ಅಗ್ರಿಮೆಂಟಿನಲ್ಲಿ ಬರೆದದ್ದೇ ಮೊದಲು ನಿಲ್ಲುತ್ತದೆ. ನಿನ್ನ ಹಕ್ಕಿನ ಬಹುಪಾಲು ತೀರ್ಮಾನವಾಗುವುದು ನೀನು ಪೆನ್ನು ಹಿಡಿದ ದಿನ.

ಚೌಕಾಸಿ ಮಾಡುವಾಗ ಎಲ್ಲರೂ ಬಾಡಿಗೆಯಲ್ಲಿ ಐನೂರು ಇಳಿಸಲು ಒದ್ದಾಡುತ್ತಾರೆ. ನನ್ನ ಕೇಳಿದರೆ ಅಡ್ವಾನ್ಸ್ ಇಳಿಸು. ಐನೂರು ಇಳಿಸಲು ಒಪ್ಪದ ಓನರ್ ಅಡ್ವಾನ್ಸಿನಲ್ಲಿ ಇಪ್ಪತ್ತು ಸಾವಿರ ಬಿಡಲು ಒಪ್ಪಿದ್ದನ್ನು ನೋಡಿದ್ದೇನೆ. ಮುಂದೆ ಜಗಳವಾದರೆ ಸಿಕ್ಕಿಕೊಳ್ಳುವ ಮೊತ್ತ ಅಷ್ಟು ಕಡಿಮೆಯಾಯಿತು.

ಬಾಡಿಗೆಯೇ ಬೇಡ, ಹತ್ತೋ ಹದಿನೈದೋ ಲಕ್ಷ ಕೊಟ್ಟು ಲೀಸಿಗೆ ಇರಿ ಅಂತ ಯಾರಾದರೂ ಹೇಳಿದರೆ ನನ್ನ ಮಾತು ನಂಬಿಯೂ ಹೋಗಬೇಡ, ವಕೀಲರ ಹತ್ತಿರ ಹೋಗು. ಆ ಮನೆಯ ಮೇಲೆ ಬ್ಯಾಂಕ್ ಸಾಲವಿದ್ದು ಓನರ್ ಕಂತು ಕಟ್ಟದೇ ಹೋದರೆ, ಬ್ಯಾಂಕಿನವರು ಮನೆ ಬಾಗಿಲಿಗೆ ಬಂದಾಗ ನಿನ್ನ ಲಕ್ಷಗಳು ಎಲ್ಲಿ ನಿಲ್ಲುತ್ತವೆ ಅನ್ನುವುದು ಕಿವಿಮಾತಿನಲ್ಲಿ ಮುಗಿಯುವ ವಿಷಯವಲ್ಲ.

ಮೂರು: ಅಗ್ರಿಮೆಂಟ್

ಎಲ್ಲ ಅಗ್ರಿಮೆಂಟೂ ಹನ್ನೊಂದು ತಿಂಗಳಿಗೇ ಯಾಕೆ ಅಂದರೆ, ಒಂದು ವರ್ಷ ಮೀರಿದ ಅವಧಿಯ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ರಿಜಿಸ್ಟರ್ ಮಾಡಿಸಬೇಕು. ಆ ಖರ್ಚು, ಓಡಾಟ ಬೇಡ ಅಂತ ಹನ್ನೊಂದಕ್ಕೆ ನಿಲ್ಲಿಸುತ್ತಾರೆ. ಅದರಲ್ಲಿ ಮೋಸವೇನಿಲ್ಲ. ನೋಟರಿ ಸೀಲು ಬಿದ್ದರೆ ರಿಜಿಸ್ಟರ್ ಆದಂತೆ ಅಂದುಕೊಳ್ಳುವವರು ಮಾತ್ರ ಬಹಳ. ಅದು ಬೇರೆ, ಇದು ಬೇರೆ. ಇ-ಸ್ಟಾಂಪ್ ಕಾಗದದ ಮೇಲೆ ಓನರ್ ಹೆಸರು, ನಿನ್ನ ಹೆಸರು, ತಾರೀಕು ಸರಿಯಾಗಿವೆಯಾ ನೋಡು. ಮೂಲ ಪ್ರತಿ ಅವರು ಇಟ್ಟುಕೊಂಡರೆ ಇರಲಿ, ಎರಡೂ ಕಡೆ ಸಹಿಯಾದ ಪ್ರತಿ ನಿನ್ನ ಹತ್ತಿರ ಇರಲೇಬೇಕು. ಪ್ರತಿ ಪುಟಕ್ಕೂ ಸಹಿ ಬೀಳಲಿ.

ಹನ್ನೊಂದು ತಿಂಗಳು ಮುಗಿದ ಮಾರನೇ ದಿನ ಓನರ್ ನಿನ್ನ ಸಾಮಾನು ಹೊರಗಿಡಬಹುದು ಅಂತ ಯಾರಾದರೂ ಹೆದರಿಸಿದರೆ ಹೆದರಬೇಡ. ಅವರು ಬಾಡಿಗೆ ತಗೊಳ್ಳುತ್ತಾ ಹೋದರೆ ಸಾಮಾನ್ಯವಾಗಿ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯಾಗುತ್ತದೆ. ಅದನ್ನು ಮುಗಿಸಲು, ಬೇರೆ ಕರಾರಿಲ್ಲದಿದ್ದರೆ, ಕಾಯ್ದೆ ಹೇಳುವುದು ಹದಿನೈದು ದಿನದ ನೋಟಿಸ್. ಇದು ಬಹಳ ಕಡಿಮೆ ಅಂತ ನಿನಗೂ ಅನ್ನಿಸುತ್ತದೆ. ಅದಕ್ಕೇ ಅಗ್ರಿಮೆಂಟಿನಲ್ಲಿ "ಎರಡೂ ಕಡೆಯಿಂದ ಒಂದು ತಿಂಗಳ ನೋಟಿಸ್" ಅಂತ ಬರೆಸುವುದು. ಎರಡೂ ಕಡೆ ಅನ್ನುವುದನ್ನು ಗಮನಿಸು. ಬೆರಳಚ್ಚಿನವರ ಹಳೇ ನಮೂನೆಗಳಲ್ಲಿ ಬಾಡಿಗೆದಾರನಿಗೆ ಎರಡು ತಿಂಗಳು, ಓನರಿಗೆ ಒಂದು ತಿಂಗಳು ಅಂತಲೂ ಇರುತ್ತದೆ. ಯಾರೂ ಓದುವುದಿಲ್ಲ, ಸಹಿ ಹಾಕುತ್ತಾರೆ.

ಓದುವಾಗ ನಾಲ್ಕು ಸಾಲುಗಳ ಮೇಲೆ ಬೆರಳಿಡು. ಅಡ್ವಾನ್ಸ್ ಯಾವಾಗ ವಾಪಸ್? "ಮನೆ ಖಾಲಿ ಮಾಡಿದ ಮೇಲೆ" ಅಂತಷ್ಟೇ ಇದ್ದರೆ ಅದು ನಾಳೆಯೂ ಆಗಬಹುದು, ಆರು ತಿಂಗಳೂ ಆಗಬಹುದು. "ಬೀಗದ ಕೈ ಒಪ್ಪಿಸಿದ ದಿನವೇ" ಅಂತ ಕೇಳು, ಬಹಳ ಎಂದರೆ "ಹದಿನೈದು ದಿನದೊಳಗೆ" ಅನ್ನುವಷ್ಟಕ್ಕೆ ಒಪ್ಪು. ಅದರಿಂದ ಏನೇನು ಮುರಿಯಬಹುದು? "ಬಾಕಿ ಬಾಡಿಗೆ, ಕರೆಂಟ್-ನೀರಿನ ಬಾಕಿ, ಮತ್ತು ಸಹಜ ಸವೆತ ಬಿಟ್ಟು ಆದ ಹಾನಿಗೆ ಬಿಲ್ ಪ್ರಕಾರ ಖರ್ಚು" ಅಂತಿದ್ದರೆ ಸರಿ. ಬಾಡಿಗೆ ಹೆಚ್ಚುವುದು ಎಷ್ಟು, ಯಾವಾಗ? ಹನ್ನೊಂದು ತಿಂಗಳಿಗೊಮ್ಮೆ ನೂರಕ್ಕೆ ಐದು ಅನ್ನುವುದು ನಡೆದುಬಂದಿದೆ, ಹತ್ತು ಕೇಳುವವರೂ ಇದ್ದಾರೆ. ನಾಲ್ಕನೆಯದು ಪೇಂಟಿಂಗ್. ಅದರ ಕಥೆ ಮುಂದೆ ಬರುತ್ತದೆ, ಅದಕ್ಕೇ ಇಲ್ಲಿ ಒಂದೇ ಮಾತು: "ಬಿಡುವಾಗ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಮುರಿಯಲಾಗುವುದು" ಅಂತ ಬರೆದು ನೀನು ಸಹಿ ಹಾಕಿದರೆ, ಗೋಡೆಯನ್ನು ಹೂವಿನಂತೆ ಇಟ್ಟುಕೊಂಡಿದ್ದರೂ ಆ ದುಡ್ಡು ಹೋದಂತೆಯೇ. ಅದನ್ನು ತೆಗೆಸಲು ಆಗದಿದ್ದರೆ "ಒಂದು ವರ್ಷದೊಳಗೆ ಬಿಟ್ಟರೆ ಅರ್ಧ" ಅಂತಲೋ "ಬಿಲ್ ಪ್ರಕಾರ, ಒಂದು ತಿಂಗಳ ಬಾಡಿಗೆ ಮೀರದಂತೆ" ಅಂತಲೋ ಬದಲಿಸಲು ಕೇಳು.

ನೀವಿಬ್ಬರು ಸೇರಿ ಹಿಡಿಯುತ್ತಿರುವುದರಿಂದ ಇನ್ನೊಂದು ಮಾತು. ಇಬ್ಬರ ಹೆಸರೂ ಅಗ್ರಿಮೆಂಟಿನಲ್ಲಿ ಇರಲಿ, ಅಡ್ವಾನ್ಸಿನಲ್ಲಿ ನಿನ್ನ ಪಾಲು ನಿನ್ನ ಖಾತೆಯಿಂದಲೇ ಹೋಗಲಿ. ನಾಳೆ ಅವಳಿಗೆ ಮದುವೆ ಗೊತ್ತಾಗಿ ಹೊರಟರೆ, ಅವಳ ಪಾಲನ್ನು ಓನರ್ ಕೊಡುತ್ತಾರಾ, ಬರುವ ಹೊಸ ಹುಡುಗಿ ಕೊಡುತ್ತಾಳಾ ಅನ್ನುವುದನ್ನು ಈಗ ನಗುನಗುತ್ತಾ ಮಾತಾಡಿಕೊಳ್ಳಬಹುದು. ಆಮೇಲೆ ಆ ನಗು ಇರುವುದಿಲ್ಲ.

ನಾಲ್ಕು: ಬೀಗದ ಕೈ ತಗೊಂಡ ದಿನ

ಹಾಲು ಉಕ್ಕಿಸುವುದು ಸಂಜೆಗಿರಲಿ. ಸಾಮಾನು ಒಳಗೆ ಬರುವ ಮುಂಚೆ ಖಾಲಿ ಮನೆಯ ವಿಡಿಯೋ ಮಾಡು, ಬಾಗಿಲಿನಿಂದ ಶುರು ಮಾಡಿ ಒಂದೊಂದೇ ಕೋಣೆ. ವಾರ್ಡ್‌ರೋಬಿನ ಬಾಗಿಲು ತೆಗೆದು ಒಳಗೂ ತೋರಿಸು. ಸಿಂಕಿನ ಕೆಳಗೆ, ಬಾತ್‌ರೂಮಿನ ಮೂಲೆ, ಕಿಟಕಿಯ ಜಾಲರಿ, ಗೋಡೆಯ ಮೇಲೆ ಉಬ್ಬಿದ ಸುಣ್ಣ ಇದ್ದರೆ ಹತ್ತಿರದಿಂದ. ಗೀಸರ್ ಹಾಕಿ ಸ್ವಲ್ಪ ಹೊತ್ತು ಬಿಟ್ಟು ನೀರು ಬಿಸಿಯಾಗುತ್ತದಾ ನೋಡು, ಫ್ಲಶ್ ಎಳೆ, ಎಲ್ಲ ಸ್ವಿಚ್ಚು ಒತ್ತು. ಕರೆಂಟ್ ಮೀಟರಿನ ಅಂಕಿ ಕಾಣುವ ಹಾಗೆ ಒಂದು ಫೋಟೋ ತೆಗೆ. ಎಷ್ಟು ಫ್ಯಾನು, ಎಷ್ಟು ಟ್ಯೂಬ್‌ಲೈಟು, ಎಷ್ಟು ಬೀಗದ ಕೈ ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆ.

ಇಷ್ಟು ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಮಾಡಿ ತಮ್ಮ ಮೊಬೈಲಿನಲ್ಲೇ ಇಟ್ಟುಕೊಳ್ಳುತ್ತಾರೆ. ಅವತ್ತೇ ಓನರಿಗೆ ವಾಟ್ಸಾಪ್ ಮಾಡು: "ಇವತ್ತು ಮನೆ ಒಪ್ಪಿಸಿಕೊಂಡಾಗ ಹೀಗಿದೆ ಸರ್, ವಾರ್ಡ್‌ರೋಬಿನ ಲ್ಯಾಮಿನೇಟ್ ಎದ್ದಿದೆ, ಬಾತ್‌ರೂಮಿನ ನಲ್ಲಿ ಸೋರುತ್ತಿದೆ." ಎರಡು ವರ್ಷದ ನಂತರ "ಇದು ಯಾವಾಗ ತೆಗೆದ ಫೋಟೋನೋ" ಅನ್ನುವ ಮಾತಿಗೆ ಆಗ ಜಾಗವಿರುವುದಿಲ್ಲ. ಆಮೇಲೆ ಮೊಬೈಲ್ ಬದಲಾಯಿಸುವಾಗ ಚಾಟ್ ಅಳಿಸಿಹೋಗದಂತೆ ಮೇಲ್‌ಗೂ ಕಳಿಸಿಕೊಂಡಿರು.

ಕರೆಂಟ್ ಬಿಲ್ಲಿನ ವಿಷಯ ಇದೇ ದಿನ ಮಾತಾಡು. ನಿನಗೆ ಪ್ರತ್ಯೇಕ ಮೀಟರ್ ಇದೆಯಾ, ಇಲ್ಲ ಓನರ್ ಮೀಟರಿನಿಂದ ಒಳಮೀಟರ್ ಎಳೆದಿದ್ದಾರಾ? ಪ್ರತ್ಯೇಕ ಮೀಟರ್ ಇದ್ದರೆ ಗೃಹಜ್ಯೋತಿಗೆ ಬಾಡಿಗೆದಾರರೂ ಅರ್ಜಿ ಹಾಕಬಹುದು. ಹಿಂದಿನವರ ಆಧಾರ್ ಆ ಮೀಟರಿನ ಆರ್.ಆರ್. ಸಂಖ್ಯೆಗೆ ಇನ್ನೂ ಅಂಟಿಕೊಂಡಿದ್ದರೆ ಅವರಿಂದ ಡಿ-ಲಿಂಕ್ ಮಾಡಿಸಬೇಕು. ನೀನು ಬಿಡುವಾಗ ನೀನೂ ಮಾಡಿ ಹೋಗು.

ಐದು: ಗೀಸರ್ ಕೆಟ್ಟಿತು

ರಿಪೇರಿಗೆ ನನ್ನದೊಂದು ಸರಳ ಲೆಕ್ಕವಿದೆ, ನನ್ನ ಮಹಡಿ ಮನೆಯಲ್ಲೂ ಅದೇ ನಡೆಯುತ್ತದೆ. ಗೋಡೆಯೊಳಗಿನದ್ದು, ತಾರಸಿಯದ್ದು, ಪೈಪಿನದ್ದು, ವೈರಿಂಗಿನದ್ದು ಓನರದ್ದು. ಬಲ್ಬು, ನಲ್ಲಿಯ ವಾಷರ್, ಕಟ್ಟಿಕೊಂಡ ಸಿಂಕು ಇರುವವರದ್ದು. ಓನರ್ ಹಾಕಿಸಿದ ಗೀಸರ್, ಮೋಟರ್ ಹಳೆಯದಾಗಿ ಕೆಟ್ಟರೆ ಓನರದ್ದು, ನೀನು ನೀರಿಲ್ಲದೆ ಹಾಕಿ ಸುಟ್ಟರೆ ನಿನ್ನದು. ಇದು ಕಾನೂನಿನ ಪಟ್ಟಿಯಲ್ಲ, ನಡೆದುಬಂದ ರೀತಿ. ಅಗ್ರಿಮೆಂಟಿನಲ್ಲಿ ಬೇರೆ ಬರೆದಿದ್ದರೆ ಅದೇ.

ಕೆಟ್ಟ ದಿನವೇ ತಿಳಿಸು, ಫೋನಿನಲ್ಲಿ ಹೇಳಿದ್ದರೂ ಒಂದು ಮೆಸೇಜ್ ಬರೆ. ಸೋರುವ ಗೋಡೆಯನ್ನು ಎರಡು ಮಳೆಗಾಲ ಸುಮ್ಮನೆ ನೋಡಿಕೊಂಡಿದ್ದರೆ, ಬಿಡುವಾಗ "ಮೊದಲೇ ಯಾಕೆ ಹೇಳಲಿಲ್ಲ" ಅನ್ನುವ ಮಾತಿಗೆ ಉತ್ತರವಿರುವುದಿಲ್ಲ. ಓನರ್ ತಾನು ಮಾಡಿಸಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಮಾಡಿಸದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳುವ ಅವಕಾಶ ಆ ಹಳೇ ಕಾಯ್ದೆಯಲ್ಲಿ ಇದೆ. ಇದೆ ಅಂತ ಗೊತ್ತಿರಲಿ ಅಂತ ಹೇಳಿದೆ. ನೇರವಾಗಿ ಪ್ರಯೋಗ ಮಾಡಲು ಹೋಗಬೇಡ. "ಸರ್, ಪ್ಲಂಬರ್ 1,100 ಹೇಳಿದ್ದಾನೆ, ಮಾಡಿಸಿ ಮುಂದಿನ ಬಾಡಿಗೆಯಲ್ಲಿ ಕಳೆದು ಹಾಕಲಾ?" ಅಂತ ಕೇಳಿ, "ಸರಿ" ಅನ್ನಿಸಿಕೊಂಡು, ಬಿಲ್ ಕಳಿಸು. ಹತ್ತಕ್ಕೆ ಒಂಬತ್ತು ಓನರುಗಳಿಗೆ ಅದೇ ಬೇಕು. ಪ್ಲಂಬರ್ ಹಿಂದೆ ಓಡಾಡುವುದು ನಮಗೂ ಬೇಜಾರು.

ಆರು: ಕರೆಂಟ್ ತೆಗೀತೀನಿ ಅಂದರೆ

ಇದು ಚಿಕ್ಕದು. ಬಾಡಿಗೆ ಕೊಟ್ಟ ಮೇಲೆ ಅದು ನೀನಿರುವ ಮನೆ. ಓನರ್ ಬರುವ ಮುಂಚೆ ತಿಳಿಸಿ ಬರಲಿ, ನೀನಿಲ್ಲದಾಗ ತಮ್ಮ ಬೀಗದ ಕೈಯಿಂದ ತೆಗೆದು ನೋಡುವುದು ಬೇಡ. ಇದನ್ನು ಜಗಳವಾಗಿ ಹೇಳಬೇಕಾಗಿಲ್ಲ, ಅಗ್ರಿಮೆಂಟಿನಲ್ಲಿ ಒಂದು ಸಾಲಾಗಿ ಬರೆಸಿದರೆ ಸಾಕು. ಮಾತಿಗೆ ಮಾತು ಬೆಳೆದು ನೀರು ನಿಲ್ಲಿಸುತ್ತೀನಿ, ಬೀಗ ಬದಲಾಯಿಸುತ್ತೀನಿ ಅಂದರೆ, ಅದು ಓನರಿಗಿರುವ ದಾರಿಯಲ್ಲ. ಬಾಡಿಗೆದಾರರನ್ನು ಬಿಡಿಸಲು ಅವರು ನೋಟಿಸ್ ಕೊಟ್ಟು ಕೋರ್ಟಿನ ಮೂಲಕ ಹೋಗಬೇಕು. ಬಲವಂತವಾಗಿ ಹೊರಗೆ ಹಾಕಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಕೇಳಬಹುದು. ಅಂಥ ಹೊತ್ತಿನಲ್ಲಿ ಮಾತ್ರ ನನಗೆ ಫೋನ್ ಮಾಡುವ ಮುಂಚೆ 112ಕ್ಕೆ ಮಾಡು, ಆಮೇಲೆ ವಕೀಲರಿಗೆ.

ಏಳು: ಬಿಡುವಾಗಿನ ಲೆಕ್ಕ

ನಮ್ಮಣ್ಣನ ಮಗನ ಲೆಕ್ಕ ಹೇಳುತ್ತೇನೆ, ಎಲ್ಲಿ ಎಷ್ಟು ಹೋಗುತ್ತದೆ ಅಂತ ಗೊತ್ತಾಗುತ್ತದೆ. ಬಾಡಿಗೆ 16,000, ಅಡ್ವಾನ್ಸ್ 80,000. ಹನ್ನೊಂದು ತಿಂಗಳಾದ ಮೇಲೆ ನೂರಕ್ಕೆ ಐದು ಹೆಚ್ಚಿ 16,800 ಆಯಿತು. ಎರಡನೇ ವರ್ಷದ ನಡುವೆ ಅವನಿಗೆ ಪುಣೆಗೆ ವರ್ಗವಾಯಿತು, ಒಂದು ತಿಂಗಳ ನೋಟಿಸ್ ಕೊಟ್ಟ. ಬಿಡುವ ದಿನ ಓನರ್ ಒಂದು ಚೀಟಿ ಕೊಟ್ಟರು: ಪೇಂಟಿಂಗ್ 16,800, ಹೊಸ ಗೀಸರ್ 7,500, ಸಿಂಕಿನ ನಲ್ಲಿ 850, ವಾರ್ಡ್‌ರೋಬ್ ಲ್ಯಾಮಿನೇಟ್ 4,000, ಕೊನೇ ತಿಂಗಳ ಕರೆಂಟ್ ನೀರು 1,250. ಒಟ್ಟು 30,400. ಕೈಗೆ ಬರುವುದು 49,600.

ಹುಡುಗ ಸಿಟ್ಟಿನಲ್ಲಿ ನನಗೆ ಫೋನ್ ಮಾಡಿದ. ಮೊದಲು ಅಗ್ರಿಮೆಂಟ್ ಓದು ಅಂದೆ. ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಅಂತ ಸ್ಪಷ್ಟವಾಗಿ ಬರೆದಿತ್ತು, ಅವನದೇ ಸಹಿ. ಗೋಡೆ ಚೆನ್ನಾಗಿಯೇ ಇತ್ತು, ಆದರೂ ಅಲ್ಲಿ ವಾದಿಸಲು ಏನಿಲ್ಲ ಅಂದೆ. ಕರೆಂಟ್ ನೀರು ಅವನು ಬಳಸಿದ್ದೇ. ಸಿಂಕಿನ ನಲ್ಲಿ ಅವನ ಕೈಯಲ್ಲೇ ಮುರಿದದ್ದು. ಈ ಮೂರನ್ನು ಮೊದಲು ಒಪ್ಪಿಕೊಂಡು ಮಾತು ಶುರು ಮಾಡು ಅಂತ ಹೇಳಿದೆ. ಎಲ್ಲವನ್ನೂ ಒಟ್ಟಿಗೆ ತಳ್ಳಿಹಾಕಿದರೆ ಎದುರಿನವರು ಎಲ್ಲವನ್ನೂ ಒಟ್ಟಿಗೆ ಹಿಡಿದುಕೊಳ್ಳುತ್ತಾರೆ.

ಉಳಿದದ್ದು ಎರಡು. ಲ್ಯಾಮಿನೇಟ್ ಎದ್ದಿರುವುದು ಅವನು ಮೊದಲ ದಿನವೇ ಕಳಿಸಿದ್ದ ಫೋಟೋದಲ್ಲಿ ಇತ್ತು, ಓನರ್ ಅದಕ್ಕೆ ಹೆಬ್ಬೆರಳು ಹಾಕಿ ಉತ್ತರಿಸಿದ್ದರು. ಅದನ್ನೇ ಮತ್ತೆ ತೋರಿಸಿದ, ನಾಲ್ಕು ಸಾವಿರ ಬಿಟ್ಟರು. ಗೀಸರ್ ಅವನು ಬರುವ ಮುಂಚಿನಿಂದಲೂ ಇದ್ದದ್ದು, ಕಾಯಿಲ್ ಹೋಗಿದೆ ಅಂತ ಎರಡು ತಿಂಗಳ ಹಿಂದೆ ಅವನೇ ಮೆಸೇಜ್ ಮಾಡಿದ್ದ. ಮನೆಯನ್ನು ಪಡೆದ ಸ್ಥಿತಿಯಲ್ಲೇ ಒಪ್ಪಿಸಬೇಕು ಅನ್ನುವ ಕಾಯ್ದೆಯೇ ಸಹಜ ಸವೆತವನ್ನು ಅದರಿಂದ ಹೊರಗಿಡುತ್ತದೆ. ಬಳಸಿ ಬಳಸಿ ಹಳತಾದ ವಸ್ತು ಕೆಟ್ಟರೆ, ಕೊನೆಯಲ್ಲಿ ಬಳಸಿದವನು ಹೊಸದು ಕೊಡಿಸಬೇಕು ಅಂತಿಲ್ಲ. ಅವನು ಕಾಯ್ದೆ ಹೆಸರು ಎತ್ತಲಿಲ್ಲ, ಆ ಮೆಸೇಜಿನ ತಾರೀಕು ತೋರಿಸಿ, "ಹಳೇ ಗೀಸರ್ ಅಲ್ವಾ ಅಂಕಲ್" ಅಂದ. ಸ್ವಲ್ಪ ಗೊಣಗಿ ಅದನ್ನೂ ಬಿಟ್ಟರು. ಕೊನೆಗೆ ಮುರಿದದ್ದು 18,900, ಬಂದದ್ದು 61,100.

ಹೋದದ್ದರಲ್ಲಿ ದೊಡ್ಡ ಪಾಲು ಯಾವುದು ನೋಡು. ಪೇಂಟಿಂಗ್. ಅದನ್ನು ಉಳಿಸಬಹುದಾಗಿದ್ದ ದಿನ ಸಹಿ ಹಾಕಿದ ದಿನ ಮಾತ್ರ.

ಇನ್ನು ಎಲ್ಲ ಹುಡುಗರೂ ಮಾಡುವ ಉಪಾಯ ನಿನಗೂ ಆಫೀಸಿನಲ್ಲಿ ಯಾರಾದರೂ ಹೇಳಿಕೊಡುತ್ತಾರೆ: ಕೊನೇ ಮೂರು ನಾಲ್ಕು ತಿಂಗಳು ಬಾಡಿಗೆ ಕೊಡಬೇಡ, ಅಡ್ವಾನ್ಸಿನಲ್ಲಿ ಮುರಿದುಕೊಳ್ಳಲಿ ಅಂತ. ಓನರ್ ಆಗಿ ನನಗೆ ಇದು ಕಿರಿಕಿರಿ, ಆದರೆ ಯಾಕೆ ಮಾಡುತ್ತಾರೆ ಅನ್ನುವುದು ಅರ್ಥವಾಗುತ್ತದೆ. ಹೆಚ್ಚಿನ ಅಗ್ರಿಮೆಂಟುಗಳಲ್ಲಿ ಅಡ್ವಾನ್ಸನ್ನು ಬಾಡಿಗೆಗೆ ಹೊಂದಿಸುವಂತಿಲ್ಲ ಅಂತಲೇ ಇರುತ್ತದೆ. ಹೇಳದೆ ನಿಲ್ಲಿಸಿದರೆ ಬಾಕಿದಾರಳಾಗುವವಳು ನೀನು. ಕೇಳಿ, ಬರಹದಲ್ಲಿ ಒಪ್ಪಿಸಿಕೊಂಡು ಮಾಡಿದರೆ ಇಬ್ಬರಿಗೂ ಅನುಕೂಲ. ಓನರ್ ಕೈಯಲ್ಲಿ ಒಟ್ಟಿಗೆ ದುಡ್ಡಿಲ್ಲದಿದ್ದರೆ ಅವರೇ ಸಂತೋಷವಾಗಿ ಒಪ್ಪುತ್ತಾರೆ.

ಮೊದಲು ಹೇಳಿದ ಗುಟ್ಟು ಇಲ್ಲಿ ಕೆಲಸಕ್ಕೆ ಬರುತ್ತದೆ. ನಿನ್ನ ಅಡ್ವಾನ್ಸ್ ಬರುವುದು ಮುಂದಿನವರಿಂದ ತಾನೇ? ಹಾಗಾದರೆ ನೋಟಿಸ್ ಕೊಟ್ಟ ಮೇಲೆ ಮನೆ ನೋಡಲು ಬರುವವರಿಗೆ ಬಾಗಿಲು ತೆಗೆ, ಮನೆ ಸ್ವಲ್ಪ ಚೊಕ್ಕಟವಾಗಿಡು, ನಿನ್ನ ಆಫೀಸಿನಲ್ಲಿ ಯಾರಾದರೂ ಮನೆ ಹುಡುಕುತ್ತಿದ್ದರೆ ಕರೆದು ತೋರಿಸು. ಖಾಲಿಯಾದ ಮನೆಗೆ ಎರಡು ತಿಂಗಳು ಯಾರೂ ಬರದಿದ್ದರೆ ನಿನ್ನ ದುಡ್ಡೂ ಎರಡು ತಿಂಗಳು ಬರುವುದಿಲ್ಲ, ಅಗ್ರಿಮೆಂಟಿನಲ್ಲಿ ಏನೇ ಬರೆದಿರಲಿ.

ಎಂಟು: ಕೊಡುವುದೇ ಇಲ್ಲ ಅಂದರೆ

ಆಗಾಗ ಹೀಗೂ ಆಗುತ್ತದೆ. ಬೀಗದ ಕೈ ಕೊಟ್ಟಾಯಿತು, ಫೋನ್ ಎತ್ತುತ್ತಿಲ್ಲ. ಅದಕ್ಕೇ ಬೀಗದ ಕೈ ಕೊಡುವಾಗಲೇ "ಇಂಥ ದಿನ ಮನೆ ಒಪ್ಪಿಸಿದ್ದೇನೆ, ಇಷ್ಟು ಮುರಿದು ಇಷ್ಟು ಬರಬೇಕು, ಇಂಥ ದಿನದೊಳಗೆ ಕೊಡುತ್ತೇನೆ ಅಂದಿದ್ದೀರಿ" ಅಂತ ಮೆಸೇಜ್ ಮಾಡಿ ಉತ್ತರ ಪಡೆ. ಉತ್ತರ ಬಾರದಿದ್ದರೆ ಅದೇ ಮಾತನ್ನು ಕಾಗದದಲ್ಲಿ ಬರೆದು ಅಂಚೆ ಕಚೇರಿಯಿಂದ ಅವರ ವಿಳಾಸಕ್ಕೆ ಕಳಿಸಿ ರಸೀದಿ ಇಟ್ಟುಕೋ. ಪೊಲೀಸ್ ಸ್ಟೇಷನ್ನಿಗೆ ಹೋದರೆ "ಇದು ಸಿವಿಲ್ ಮ್ಯಾಟರ್ ಅಮ್ಮ" ಅಂತ ಕಳಿಸುವುದೇ ಹೆಚ್ಚು, ಅದು ಅವರ ಉದಾಸೀನವೇ ಆಗಬೇಕಾಗಿಲ್ಲ, ದುಡ್ಡಿನ ವಸೂಲಿ ನಿಜವಾಗಿಯೂ ಸಿವಿಲ್ ವಿಷಯ.

ಮುಂದಿನ ಮೆಟ್ಟಿಲು ವಕೀಲರ ನೋಟಿಸ್. ಅದು ಕೈ ಸೇರಿದ ಮೇಲೆ ಹಣ ಬಂದದ್ದು ಎಷ್ಟೋ ಸಲ. ಅದಕ್ಕೂ ಬಗ್ಗದಿದ್ದರೆ ವಸೂಲಿ ದಾವೆ, ಅದಕ್ಕೆ ಸಾಮಾನ್ಯವಾಗಿ ಮೂರು ವರ್ಷದ ಮಿತಿ. ಇಪ್ಪತ್ತು ಸಾವಿರಕ್ಕಾಗಿ ಕೋರ್ಟು ಹತ್ತಬೇಕಾ ಅನ್ನುವುದನ್ನು ನಿನ್ನ ಪರವಾಗಿ ನಾನು ತೀರ್ಮಾನಿಸುವುದಿಲ್ಲ. ಆದರೆ ಕೋರ್ಟಿಗೆ ಮುಂಚೆ ಇನ್ನೊಂದು ಬಾಗಿಲಿದೆ, ಅದು ಬಹಳ ಜನರಿಗೆ ಗೊತ್ತಿಲ್ಲ. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಕೇಸು ದಾಖಲಾಗುವ ಮುಂಚೆಯೇ ಎರಡೂ ಕಡೆಯವರನ್ನು ಕರೆಸಿ, ಲೋಕ ಅದಾಲತ್ತಿನ ಮೂಲಕ ರಾಜಿ ಮಾಡಿಸಲು ಅಲ್ಲಿ ಅರ್ಜಿ ಕೊಡಬಹುದು. 1987ರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಅರ್ಹತೆ ಇದೆ. ಐ.ಟಿ. ಸಂಬಳ ಬರುತ್ತದೆ ಅಂತ ನಾಚಿಕೊಳ್ಳಬೇಕಾಗಿಲ್ಲ. ಸಹಾಯವಾಣಿ 15100.

ಅಲ್ಲಿಗೆ ಹೋಗುವಾಗ ಅಗ್ರಿಮೆಂಟಿನ ಪ್ರತಿ, ಅಡ್ವಾನ್ಸ್ ಹೋದ ಬ್ಯಾಂಕ್ ಸ್ಟೇಟ್‌ಮೆಂಟಿನ ಪುಟ, ಬಾಡಿಗೆ ಕೊಟ್ಟ ದಾಖಲೆ, ಮೊದಲ ದಿನದ ಮತ್ತು ಕೊನೇ ದಿನದ ಫೋಟೋಗಳು, ಮೆಸೇಜುಗಳ ಪ್ರಿಂಟ್ ತಗೊಂಡು ಹೋಗು. ಅಡ್ವಾನ್ಸನ್ನು ನಗದಾಗಿ ಕೊಟ್ಟು ರಸೀದಿ ಪಡೆಯದವರು ಅಲ್ಲಿ ಬಂದು ಕೂತಾಗ ಯಾರಿಗೂ ಏನು ಮಾಡಬೇಕು ಅಂತ ತೋಚುವುದಿಲ್ಲ. ನಿನ್ನ ಓನರ್ ಅರ್ಧ ನಗದು ಕೇಳಿದರೆ, ಕೊಟ್ಟ ಪೂರ್ತಿ ಮೊತ್ತ ಅಗ್ರಿಮೆಂಟಿನಲ್ಲಿ ಬರೆಯದೆ ಕೊಡಬೇಡ.

ಭಾನುವಾರ ನೋಡಿದ ಮನೆ ಇಷ್ಟವಾದರೆ ಅಗ್ರಿಮೆಂಟಿನ ಕರಡು ತರಿಸಿಕೊಂಡು ನನಗೆ ಕಳಿಸು. ದೊಡ್ಡಮ್ಮನಿಗೆ ತೋರಿಸಿ ಎರಡು ದಿನದಲ್ಲಿ ಸಹಿ ಹಾಕುತ್ತೇನೆ ಅಂತ ಓನರಿಗೆ ಹೇಳು. ನನಗೆ ಅರ್ಥವಾಗದ ಸಾಲು ಇದ್ದರೆ ನಮ್ಮ ಬೀದಿಯ ವಕೀಲರಿಗೆ ತೋರಿಸೋಣ, ಅವರ ಫೀಸು ನಾನು ಕೊಡುತ್ತೇನೆ.